ಬಸುರಿಗೆ ನೆಗಡಿ, ಸಣ್ಣ ಜ್ವರ: ಯಾವ ಮಾತ್ರೆ ಆಗುತ್ತದೆ, ಯಾವುದು ಬೇಡವೇ ಬೇಡ

ನಾನು ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಲ್ಲುವವಳು. ಮಳೆ ಹಿಡಿದರೆ ಸಾಕು, ಸಂಜೆ ಹೊತ್ತಿಗೆ ಗಂಡಸರು ಬಂದು ಒಂದೇ ಮಾತು ಕೇಳುತ್ತಾರೆ: "ಅಕ್ಕ, ಮನೆಯವರಿಗೆ ಆರು ತಿಂಗಳು. ನೆಗಡಿ, ಮೈ ಸ್ವಲ್ಪ ಬಿಸಿ. ಡೋಲೋ ಕೊಡ್ಲಾ, ನೆಗಡಿ ಮಾತ್ರೆ ಕೊಡ್ಲಾ, ಕಷಾಯ ಸಾಕಾ?" ಕೆಲವರು ಮನೆಯಲ್ಲಿ ಕೊಟ್ಟು ಮುಗಿಸಿ ಆಮೇಲೆ ಗಾಬರಿಯಿಂದ ಕೇಳಲು ಬರುತ್ತಾರೆ. ಇನ್ನು ಕೆಲವರು ಯಾವ ಮಾತ್ರೆಯೂ ಬೇಡ ಅಂತ ಎರಡು ದಿನ ಜ್ವರದಲ್ಲೇ ಮಲಗಿಸಿರುತ್ತಾರೆ. ಎರಡೂ ಸರಿಯಲ್ಲ. ಅದಕ್ಕೇ ಇರುವ ದಾರಿಗಳನ್ನೆಲ್ಲ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ.

ಇದು ನೆಗಡಿ ಮತ್ತು ಸಣ್ಣ ಜ್ವರದ ಮಾತು ಮಾತ್ರ. ಅಂದರೆ ಮೂಗು ಸೋರುವುದು, ಕಟ್ಟುವುದು, ಗಂಟಲು ಕೆರೆತ, ಸ್ವಲ್ಪ ಕೆಮ್ಮು, ಥರ್ಮಾಮೀಟರ್‌ನಲ್ಲಿ 99ರಿಂದ 101 ಡಿಗ್ರಿಯ ಆಸುಪಾಸು. ಅದರಾಚೆ ಹೋದರೆ ಹೋಲಿಕೆ ಮಾಡುತ್ತಾ ಕೂರುವ ಕೆಲಸವಿಲ್ಲ, ಡಾಕ್ಟರ್ ಹತ್ತಿರ ಹೋಗಬೇಕು. ಯಾವಾಗ ಎಂಬುದನ್ನು ಮುಂದೆ ಹೇಳುತ್ತೇನೆ.

ಯಾವುದನ್ನು ನೋಡಿ ಆಯ್ಕೆ ಮಾಡಬೇಕು

ಮೊದಲನೆಯದು, ಎಷ್ಟನೇ ವಾರ. ತಿಂಗಳಿಗಿಂತ ವಾರದ ಲೆಕ್ಕ ಒಳ್ಳೆಯದು, ತಾಯಿ ಕಾರ್ಡಿನಲ್ಲಿ ಅಥವಾ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರೆದಿರುತ್ತದೆ. ಮೊದಲ 12 ವಾರ ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಸಮಯ. 20 ವಾರದ ಮೇಲೆ ಕೆಲವು ನೋವಿನ ಮಾತ್ರೆಗಳು ಮಗುವಿನ ಕಿಡ್ನಿಗೆ ತೊಂದರೆ ಕೊಡಬಹುದು, 30 ವಾರದ ಹೊತ್ತಿಗೆ ಹೃದಯದ ಹತ್ತಿರದ ಒಂದು ರಕ್ತನಾಳಕ್ಕೂ. ಹಾಗಾಗಿ "ಮೂರು ತಿಂಗಳು ಕಳೀತು, ಇನ್ನೇನೂ ಭಯವಿಲ್ಲ" ಅನ್ನುವ ಮಾತು ಎಲ್ಲ ಮಾತ್ರೆಗೂ ಹೊಂದುವುದಿಲ್ಲ.

ಎರಡನೆಯದು, ಮಾತ್ರೆಯೊಳಗೆ ಏನಿದೆ. ಹೆಸರು ನೋಡಬೇಡಿ, ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾದ ಔಷಧಿಗಳ ಸಾಲು ನೋಡಿ. ಒಂದೇ ಔಷಧಿ ಇದ್ದರೆ ನಿರ್ಧಾರ ಸುಲಭ. ಮೂರೋ ನಾಲ್ಕೋ ಇದ್ದರೆ ಒಂದೊಂದಕ್ಕೂ ಉತ್ತರ ಬೇಕು. ಒಂದೇ ಕಂಪನಿ ಒಂದೇ ಹೆಸರಿಗೆ ಕೋಲ್ಡ್, ಪ್ಲಸ್, ಎಸ್‌ಪಿ ಅಂತ ಬಾಲ ಸೇರಿಸಿ ಬೇರೆ ಬೇರೆ ಮಾತ್ರೆ ಮಾರುತ್ತದೆ. ಮುಂದಿನ ಹೆಸರು ನಂಬಿದರೆ ಮೋಸ ಹೋಗುವುದು ಇಲ್ಲೇ.

ಮೂರನೆಯದು, ಅವಳಿಗೆ ಬೇರೆ ಏನಿದೆ. ಬಿಪಿ, ಶುಗರ್, ಥೈರಾಯ್ಡ್, ಆಸ್ತಮಾ, ಲಿವರ್ ತೊಂದರೆ ಇದೆಯಾ? ಒಬ್ಬಳಿಗೆ ಆಗುವ ಮಾತ್ರೆ ಇನ್ನೊಬ್ಬಳಿಗೆ ಆಗದಿರುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ.

ದುಡ್ಡಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಇವುಗಳಲ್ಲಿ ಸುರಕ್ಷಿತವಾದದ್ದೇ ಅಗ್ಗ. ಒಂದು ಪ್ಯಾರಾಸಿಟಮಾಲ್ ಮಾತ್ರೆಗೆ ಸುಮಾರು ಎರಡು ರೂಪಾಯಿ, ಜನೌಷಧಿ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಖರ್ಚು ಜಾಸ್ತಿ ಆಗುವುದು ಬೇಡದ ಸಿರಪ್ ಮತ್ತು ಆಂಟಿಬಯಾಟಿಕ್ ಕೊಂಡಾಗ.

ಏನೂ ತೆಗೆದುಕೊಳ್ಳದೆ ಇರುವುದು

ಜ್ವರವಿಲ್ಲದ ಬರೀ ನೆಗಡಿಗೆ ಇದೇ ಮೊದಲ ಆಯ್ಕೆ. ನೆಗಡಿ ವೈರಸ್ಸಿನಿಂದ ಬರುತ್ತದೆ, ಅದನ್ನು ಕೊಲ್ಲುವ ಮಾತ್ರೆ ನಮ್ಮ ಅಂಗಡಿಯಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಮಾತ್ರೆ ಮಾಡುವುದು ಆ ದಿನಗಳನ್ನು ಸಹಿಸುವಂತೆ ಮಾಡುವ ಕೆಲಸ ಅಷ್ಟೇ.

ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುವುದು, ಬಿಸಿ ಸಾರು, ತಿಳಿ ಗಂಜಿ, ತಲೆ ಸ್ವಲ್ಪ ಎತ್ತರ ಇಟ್ಟು ಎಡಮಗ್ಗುಲಲ್ಲಿ ಮಲಗುವುದು, ಜೇನುತುಪ್ಪ ಹಾಕಿದ ಬೆಚ್ಚಗಿನ ನೀರು, ಇವೆಲ್ಲ ಯಾವ ವಾರದಲ್ಲಾದರೂ ಆಗುತ್ತವೆ. ಶುಗರ್ ಇದ್ದವರು ಜೇನು ಬಿಡಿ. ಮೂಗು ಕಟ್ಟಿದ್ದರೆ ಸಲೈನ್ ಡ್ರಾಪ್ಸ್ ಹಾಕಬಹುದು. ಅದು ಬರೀ ಉಪ್ಪುನೀರು, ಮಕ್ಕಳಿಗೆ ಹಾಕುವಂಥದ್ದೇ, ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಿ. ಹಬೆ ತೆಗೆದುಕೊಳ್ಳುವವರು ಬರೀ ನೀರಿನ ಹಬೆ ತೆಗೆದುಕೊಳ್ಳಿ, ಪಾತ್ರೆಯನ್ನು ಮೇಜಿನ ಮೇಲೆ ಭದ್ರವಾಗಿ ಇಡಿ. ಹೊಟ್ಟೆ ದೊಡ್ಡದಾದ ಮೇಲೆ ಬಗ್ಗುವುದು ಕಷ್ಟ, ಕುದಿನೀರು ತೊಡೆ ಮೇಲೆ ಚೆಲ್ಲಿ ಸುಟ್ಟುಕೊಳ್ಳುವುದು ನಿಜಕ್ಕೂ ಆಗುತ್ತದೆ. ಕಂಬಳಿ ಹೊದ್ದು ಬೆವರು ಬಿಡಿಸುವುದಂತೂ ಬೇಡ.

ಈ ದಾರಿಯ ಮಿತಿ ಜ್ವರ. ಮೈ ಬಿಸಿಯಾದಾಗಲೂ "ಮಾತ್ರೆ ಮಗುವಿಗೆ ಕೆಟ್ಟದ್ದು, ತಡ್ಕೋ" ಅಂದರೆ ತಾಯಿ ಸುಮ್ನೆ ನರಳುವುದಷ್ಟೇ ಅಲ್ಲ, ಮಗುವಿಗೂ ಒಳ್ಳೆಯದಲ್ಲ. ಮಗುವಿನ ಬೆನ್ನುಹುರಿ ಮತ್ತು ಮಿದುಳಿನ ಬುಡ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ 28 ದಿನದೊಳಗೆ. ಮುಟ್ಟಿನ ಲೆಕ್ಕದಲ್ಲಿ ಅದು ಆರನೇ ವಾರ. ಆ ದಿನಗಳಲ್ಲಿ ತಾಯಿಗೆ 102ರ ಹತ್ತಿರದ ಜ್ವರ ಇಳಿಸದೆ ಉಳಿದರೆ ಬೆನ್ನುಹುರಿಯ ದೋಷದ ಅಪಾಯ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಜ್ವರವನ್ನು ಬಿಡುವುದಕ್ಕೂ ಒಂದು ಬೆಲೆ ಇದೆ. ಮಾತ್ರೆಯ ಭಯವನ್ನು ತೂಗುವಾಗ ಇದನ್ನೂ ತಕ್ಕಡಿಗೆ ಹಾಕಬೇಕು, ಅಲ್ವಾ?

ಬರೀ ಪ್ಯಾರಾಸಿಟಮಾಲ್

ಡೋಲೋ, ಕ್ರೋಸಿನ್, ಕ್ಯಾಲ್ಪಾಲ್, ಹೆಸರು ಯಾವುದಾದರೂ ಒಳಗಿರುವುದು ಅದೇ. ಬಸುರಿಯ ಜ್ವರಕ್ಕೂ ಮೈಕೈ ನೋವಿಗೂ ಡಾಕ್ಟರುಗಳು ಮೊದಲು ಬರೆಯುವುದು ಇದನ್ನೇ, ಒಂಬತ್ತು ತಿಂಗಳಲ್ಲೂ. ಇದಕ್ಕಿಂತ ಹೆಚ್ಚು ಬಸುರಿಯರು ತೆಗೆದುಕೊಂಡ, ಇದಕ್ಕಿಂತ ಹೆಚ್ಚು ಗಮನಿಸಲ್ಪಟ್ಟ ಜ್ವರದ ಮಾತ್ರೆ ಇನ್ನೊಂದಿಲ್ಲ.

500ಕ್ಕೂ 650ಕ್ಕೂ ನಡುವೆ ಯಾವುದು? ತೂಕ 50 ಕೆಜಿಗಿಂತ ಕಡಿಮೆ ಇದ್ದರೆ, ಅಥವಾ ಜ್ವರ 100ರ ಅಕ್ಕಪಕ್ಕದಲ್ಲೇ ಇದ್ದರೆ, 500 ಸಾಕು. ಸಾಮಾನ್ಯ ಮೈಕಟ್ಟಿನವರಿಗೆ 100.4 ದಾಟಿದರೆ 650 ಸರಿ. ಒಂದು ಮಾತ್ರೆಗೂ ಮುಂದಿನದಕ್ಕೂ ಆರು ಗಂಟೆ ಬಿಡಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಜ್ವರ ಇಲ್ಲದ ಹೊತ್ತಲ್ಲಿ "ಬರಬಾರದು ಅಂತ" ಮುಂಚೆಯೇ ನುಂಗಬೇಡಿ. ಲಿವರ್ ತೊಂದರೆ ಇದ್ದವರು, ಕಾಮಾಲೆ ಆಗಿದ್ದವರು ಕೇಳದೆ ಒಂದೂ ತೆಗೆದುಕೊಳ್ಳಬಾರದು.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಬಸುರಿಯರು ಟೈಲೆನಾಲ್ ತೆಗೆದುಕೊಳ್ಳಬಾರದು, ಆಟಿಸಂ ಬರುತ್ತದೆ ಎಂಬಂತೆ ಮಾತಾಡಿದ ಮೇಲೆ ಆ ವಿಡಿಯೋ ನಮ್ಮ ವಾಟ್ಸಾಪ್ ಗುಂಪುಗಳಿಗೂ ಬಂತು. ಟೈಲೆನಾಲ್ ಅಂದರೆ ಪ್ಯಾರಾಸಿಟಮಾಲೇ. ಕೆಲವು ಅಧ್ಯಯನಗಳಲ್ಲಿ ಒಂದು ನಂಟು ಕಂಡದ್ದು ನಿಜ. ಆದರೆ ಮಾತ್ರೆ ತಗೊಂಡವರಿಗೆ ಜ್ವರವೂ ಇತ್ತು, ನೋವೂ ಇತ್ತು, ಮನೆತನದಿಂದ ಬಂದ ಕಾರಣಗಳೂ ಇದ್ದವು. ಯಾವುದರಿಂದ ಏನು ಎಂದು ಬಿಡಿಸುವುದು ಕಷ್ಟ. 2024ರಲ್ಲಿ ಬಂದ ಸ್ವೀಡನ್ನಿನ ಅಧ್ಯಯನ ಇದನ್ನು ಚೆನ್ನಾಗಿ ಬಿಡಿಸಿತು. 24 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದುಕೊಂಡು, ಒಂದೇ ತಾಯಿಯ ಮಕ್ಕಳನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ನೋಡಿದರು. ಒಬ್ಬರ ಬಸುರಿನಲ್ಲಿ ಮಾತ್ರೆ ತಗೊಂಡಿದ್ದಳು, ಇನ್ನೊಬ್ಬರ ಬಸುರಿನಲ್ಲಿ ತಗೊಂಡಿರಲಿಲ್ಲ. ಹಾಗೆ ಹೋಲಿಸಿದಾಗ ಆಟಿಸಂ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಟ್ರಂಪ್ ಮಾತಿನ ನಂತರ ವಿಶ್ವ ಆರೋಗ್ಯ ಸಂಸ್ಥೆಯೂ ನಂಟನ್ನು ಸಾಬೀತು ಮಾಡುವ ಪುರಾವೆ ಇಲ್ಲ ಎಂದೇ ಹೇಳಿತು. ಹಾಗಂತ ಮೈಕೈ ನೋವಿಗೆ ದಿನಾ ತಿನ್ನುತ್ತಾ ಹೋಗಿ ಅಂತಲ್ಲ. ಜ್ವರಕ್ಕೆ ಎರಡು ದಿನ, ಬೇಕಾದಷ್ಟೇ. ಅದರ ಮೇಲೂ ಜ್ವರ ಇದ್ದರೆ ಕೇಳಬೇಕಾದ್ದು ಜ್ವರ ಏಕೆ ಬಂತು ಎಂಬುದನ್ನು.

ನೆಗಡಿ ಮಾತ್ರೆ: ಒಂದರಲ್ಲಿ ಮೂರು

ಸೈನಾರೆಸ್ಟ್ ಮಾದರಿಯ ಮಾತ್ರೆಗಳು. ಇವೇ ಜಾಸ್ತಿ ಗೊಂದಲ ಹುಟ್ಟಿಸುವುದು. ಸಾಮಾನ್ಯವಾಗಿ ಒಳಗೆ ಮೂರು ಇರುತ್ತವೆ: ಜ್ವರಕ್ಕೆ ಪ್ಯಾರಾಸಿಟಮಾಲ್, ಸೀನಿಗೆ ಕ್ಲೋರ್‌ಫೆನಿರಮೈನ್ ಅಥವಾ ಸೆಟಿರಿಜಿನ್, ಕಟ್ಟಿದ ಮೂಗಿಗೆ ಫಿನೈಲ್‌ಎಫ್ರಿನ್. ಕೆಲವಕ್ಕೆ ಕೆಫೀನ್ ಕೂಡ ಸೇರಿಸಿರುತ್ತಾರೆ.

ಮೊದಲೆರಡಕ್ಕೆ ದೊಡ್ಡ ತಕರಾರಿಲ್ಲ. ತೊಂದರೆ ಮೂರನೆಯದು. ಫಿನೈಲ್‌ಎಫ್ರಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹಾಗೆ ಮಾಡಿಯೇ ಮೂಗಿನ ಊತ ಇಳಿಸಬೇಕು. ಆದರೆ ಬಸುರಿಯಲ್ಲಿ ಮಗುವಿಗೆ ರಕ್ತ ಹೋಗುವುದೂ ರಕ್ತನಾಳಗಳಿಂದಲೇ. ಬಿಪಿ ಇದ್ದವಳಿಗೆ ಇದು ನೇರವಾಗಿ ಕೆಟ್ಟದ್ದು. ಇದೇ ಜಾತಿಯ ಸೂಡೋಎಫೆಡ್ರಿನ್ ಅನ್ನು ಮೊದಲ ಮೂರು ತಿಂಗಳು ತೆಗೆದುಕೊಳ್ಳಬಾರದು. ಮಗುವಿನ ಹೊಟ್ಟೆಯ ಗೋಡೆ ಸರಿಯಾಗಿ ಮುಚ್ಚದ ಅಪರೂಪದ ದೋಷದ ಅನುಮಾನ ಅದರ ಮೇಲಿದೆ.

ಹಾಗಾದರೆ ಲಾಭವಾದರೂ ಇದೆಯಾ? ನುಂಗುವ ಫಿನೈಲ್‌ಎಫ್ರಿನ್ ಮೂಗು ಬಿಡಿಸುವುದರಲ್ಲಿ ಕೆಲಸವೇ ಮಾಡುವುದಿಲ್ಲ ಎಂದು ಅಮೆರಿಕದ ಔಷಧ ಇಲಾಖೆಯ ತಜ್ಞರ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಆ ಇಲಾಖೆ ಅದನ್ನು ನೆಗಡಿ ಮಾತ್ರೆಗಳಿಂದ ತೆಗೆಯುವ ಪ್ರಸ್ತಾವವನ್ನೂ ಇಟ್ಟಿತು. ಲಾಭವಿಲ್ಲದ ಔಷಧಿಗೆ ಸಣ್ಣ ಅಪಾಯವಾದರೂ ಏಕೆ ತೆಗೆದುಕೊಳ್ಳಬೇಕು? ನನ್ನ ಮಟ್ಟಿಗೆ ಇಲ್ಲಿಗೆ ತೀರ್ಮಾನ ಆಯಿತು.

ಇನ್ನೊಂದು ತೊಂದರೆ ಲೆಕ್ಕದ್ದು. ಈ ಮಾತ್ರೆಯಲ್ಲಿ ಈಗಾಗಲೇ 325 ಅಥವಾ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಅದು ಗೊತ್ತಿಲ್ಲದೆ 500 ಇರುವುದರ ಜೊತೆಗೆ ಡೋಲೋ 650 ಕೊಟ್ಟರೆ ಒಂದೇ ಸಲಕ್ಕೆ 1150 ಆಯಿತು. ಹಾಗೆ ದಿನಕ್ಕೆ ನಾಲ್ಕು ಸಲ ಅಂದರೆ 4600. ದೊಡ್ಡವರಿಗೆ ದಿನಕ್ಕೆ 4000 ದಾಟಬಾರದು. ಬಸುರಿಗೆ ಅಷ್ಟರ ಹತ್ತಿರವೂ ಹೋಗಬೇಕಾಗಿಲ್ಲ. "ಜ್ವರಕ್ಕೊಂದು, ನೆಗಡಿಗೊಂದು" ಅಂತ ಎರಡು ಸ್ಟ್ರಿಪ್ ಒಯ್ಯುವವರನ್ನು ನಾನು ನಿಲ್ಲಿಸಿ ಕೇಳುವುದು ಇದಕ್ಕೇ.

ಸೀನು ನಿಲ್ಲುತ್ತಲೇ ಇಲ್ಲ, ಮೂಗಲ್ಲಿ ನೀರು ಧಾರಾಕಾರ ಅಂದರೆ ಡಾಕ್ಟರನ್ನು ಕೇಳಿ ರಾತ್ರಿ ಒಂದು ಸೆಟಿರಿಜಿನ್ ತೆಗೆದುಕೊಳ್ಳುವುದು ಕಾಂಬಿನೇಷನ್‌ಗಿಂತ ಒಳ್ಳೆಯ ದಾರಿ. ಬಸುರಿಯರಲ್ಲಿ ಇದರ ಬಳಕೆ ಬಹಳ ಕಾಲದಿಂದ ಇದೆ. ಧೂಳಿನ ಅಲರ್ಜಿ ನೆಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ವೈರಸ್ ನೆಗಡಿಗೆ ಅಷ್ಟಕ್ಕಷ್ಟೆ. ನಿದ್ದೆ ಬರುತ್ತದೆ, ಮೆಟ್ಟಿಲು ಹತ್ತಿ ಇಳಿಯುವಾಗ ಜೋಪಾನ.

ಮೂಗು ಪೂರಾ ಕಟ್ಟಿ ರಾತ್ರಿ ಉಸಿರು ಆಡದಿದ್ದರೆ ಒಟ್ರಿವಿನ್, ನೇಸಿವಿಯಾನ್ ಥರದ ಡ್ರಾಪ್ಸ್ ಕೇಳುತ್ತಾರೆ. ಇವು ಮೂಗಿನಲ್ಲೇ ಕೆಲಸ ಮಾಡುತ್ತವೆ, ರಕ್ತಕ್ಕೆ ಸೇರುವುದು ನುಂಗುವ ಮಾತ್ರೆಗಿಂತ ಕಡಿಮೆ. ಆದರೂ ಇವೂ ರಕ್ತನಾಳ ಬಿಗಿ ಮಾಡುವಂಥವೇ. ಮೊದಲು ಸಲೈನ್ ಹಾಕಿ ನೋಡಿ. ಆಗದಿದ್ದರೆ ಡಾಕ್ಟರನ್ನು ಕೇಳಿ ಎರಡು ಮೂರು ರಾತ್ರಿಗೆ ಮಾತ್ರ. ಅದಕ್ಕಿಂತ ಜಾಸ್ತಿ ದಿನ ಹಾಕಿದರೆ ಬಿಟ್ಟ ತಕ್ಷಣ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ. ಬಿಪಿ ಇದ್ದವರಿಗೆ ಸಲೈನ್ ಒಂದೇ.

ನೋವಿನ ಮಾತ್ರೆ: ಇಲ್ಲಿ ರಾಜಿ ಇಲ್ಲ

ನಮ್ಮ ಮನೆಗಳಲ್ಲಿ ಜ್ವರಕ್ಕೆ ಅಂತಲೇ ಇಟ್ಟುಕೊಂಡಿರುವ ಅರ್ಧ ಮಾತ್ರೆಗಳು ನಿಜವಾಗಿ ಈ ಗುಂಪಿನವು. ಬ್ರೂಫೆನ್ ಅಂದರೆ ಐಬುಪ್ರೊಫೆನ್. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್. ವೋವೆರಾನ್ ಅಂದರೆ ಡೈಕ್ಲೋಫೆನಾಕ್, ಜೀರೋಡಾಲ್ ಅಂದರೆ ಅಸಿಕ್ಲೋಫೆನಾಕ್, ಮೆಫ್ಟಾಲ್ ಅಂದರೆ ಮೆಫೆನಾಮಿಕ್ ಆಸಿಡ್, ನೈಸ್ ಅಂದರೆ ನಿಮೆಸುಲೈಡ್. ಕಾಂಬಿಫ್ಲಾಮಿನಲ್ಲಿ ಪ್ಯಾರಾಸಿಟಮಾಲ್ ಇದೆ ಅನ್ನುವ ಕಾರಣಕ್ಕೆ ಅದು ಸುರಕ್ಷಿತ ಆಗುವುದಿಲ್ಲ, ಜೊತೆಗಿರುವುದು ಏನು ಎಂಬುದೇ ಮುಖ್ಯ.

ಇವು ಹೇಗೆ ತೊಂದರೆ ಕೊಡುತ್ತವೆ ಅಂತ ತಿಳಿದರೆ ವಾರದ ಲೆಕ್ಕ ತಾನಾಗಿ ನೆನಪಿರುತ್ತದೆ. ಈ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗುವುದನ್ನು ತಡೆಯುತ್ತವೆ. ನೋವು, ಜ್ವರ ಇಳಿಯುವುದು ಅದರಿಂದಲೇ. ಆದರೆ ಹೊಟ್ಟೆಯೊಳಗಿನ ಮಗುವಿಗೆ ಅದೇ ವಸ್ತು ಎರಡು ಕಡೆ ಬೇಕು. ಒಂದು, ಕಿಡ್ನಿಗೆ ರಕ್ತ ಚೆನ್ನಾಗಿ ಹರಿಯಲು. ಬಸುರಿನ ಎರಡನೇ ಅರ್ಧದಲ್ಲಿ ಮಗುವಿನ ಸುತ್ತಲಿನ ನೀರು ಬಹುಪಾಲು ಮಗುವಿನ ಮೂತ್ರವೇ. ಕಿಡ್ನಿ ಕೆಲಸ ಕುಂದಿದರೆ ನೀರು ಕಡಿಮೆಯಾಗುತ್ತದೆ. ಕೆಲವರಲ್ಲಿ ಎರಡೇ ದಿನದ ಮಾತ್ರೆಗೆ ಹೀಗಾದದ್ದು ದಾಖಲಾಗಿದೆ. ಇನ್ನೊಂದು, ಮಗುವಿನ ಹೃದಯದ ಹತ್ತಿರ, ಶ್ವಾಸಕೋಶಕ್ಕೆ ಹೋಗದೆ ಪಕ್ಕದಿಂದಲೇ ರಕ್ತ ಹಾಯಿಸುವ ಒಂದು ನಾಳ. ಹುಟ್ಟಿದ ಮೇಲಷ್ಟೇ ಮುಚ್ಚಬೇಕಾದ ಅದು ಈ ಮಾತ್ರೆಯಿಂದ ಹೊಟ್ಟೆಯೊಳಗೇ ಕಿರಿದಾಗಬಹುದು. 2020ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ಇಲಾಖೆ 20 ವಾರದ ಮೇಲೆ ಇವನ್ನು ತೆಗೆದುಕೊಳ್ಳಬೇಡಿ ಎಂದು ಎಚ್ಚರಿಸಿತು. 30 ವಾರದ ಮೇಲಿನ ಎಚ್ಚರಿಕೆ ಅದಕ್ಕೂ ಹಳೆಯದು. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದಿರುವ ಅನುಮಾನವಿದೆ. ಪಕ್ಕಾ ಆಗಿಲ್ಲ, ಆದರೆ ಪಕ್ಕದಲ್ಲೇ ಪ್ಯಾರಾಸಿಟಮಾಲ್ ಇರುವಾಗ ಆ ಅನುಮಾನವನ್ನು ಹೊರುವ ಅಗತ್ಯವಿಲ್ಲ.

ನಮ್ಮ ಕಡೆಗೆ ಇನ್ನೊಂದು ಕಾರಣವೂ ಇದೆ. ಮಳೆಗಾಲದ ಜ್ವರ ಡೆಂಗಿ ಆಗಿರಬಹುದು. ಮೊದಲ ದಿನ ಹೇಳಲು ಬರುವುದಿಲ್ಲ. ಡೆಂಗಿಯಲ್ಲಿ ಈ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಎಲ್ಲಕ್ಕಿಂತ ಸುಲಭವಾಗಿ ಮೈಗೆ ಸೇರುವುದು ಇಂಜೆಕ್ಷನ್. ಊರಿನ ಕ್ಲಿನಿಕ್ಕಿಗೆ ಹೋಗಿ "ಜ್ವರ, ಮೈಕೈ ನೋವು, ಒಂದು ಇಂಜೆಕ್ಷನ್ ಹಾಕಿಬಿಡಿ" ಅಂದರೆ ಅದು ಡೈಕ್ಲೋಫೆನಾಕ್ ಆಗಿರುವ ಸಾಧ್ಯತೆ ಜಾಸ್ತಿ. ಎರಡು ಮೂರು ತಿಂಗಳಲ್ಲಿ ಹೊಟ್ಟೆ ಕಾಣುವುದಿಲ್ಲ, ಡಾಕ್ಟರಿಗೆ ಗೊತ್ತಾಗುವುದಿಲ್ಲ. ಕೂತ ತಕ್ಷಣ ಮೊದಲ ಮಾತು "ನಾನು ಬಸುರಿ, ಇಷ್ಟು ವಾರ" ಎಂದಿರಬೇಕು. ಮುಟ್ಟು ತಪ್ಪಿ ಇನ್ನೂ ಟೆಸ್ಟ್ ಮಾಡಿಸದಿದ್ದರೆ ಅದನ್ನೂ ಹೇಳಿ.

ಆಸ್ಪಿರಿನ್ ವಿಷಯ ಸ್ವಲ್ಪ ಬೇರೆ. ತಲೆನೋವಿಗೆ ಅಂತ ನೀರಲ್ಲಿ ಕರಗಿಸಿ ಕುಡಿಯುವ ಡಿಸ್ಪ್ರಿನ್ ಬೇಡ. ಆದರೆ ಬಿಪಿ ಏರಬಾರದು ಅಂತ ಡಾಕ್ಟರು ಬರೆದುಕೊಟ್ಟ ಇಕೋಸ್ಪ್ರಿನ್ 75 ಅಥವಾ 150 ಇದ್ದರೆ, ಇದನ್ನೆಲ್ಲ ಓದಿ ಹೆದರಿ ನಿಲ್ಲಿಸಬೇಡಿ. ಅದು ಸಣ್ಣ ಡೋಸ್, ಬೇರೆ ಉದ್ದೇಶ, ನಿಲ್ಲಿಸಿದರೇ ತೊಂದರೆ.

ಸಿರಪ್, ಗಾರ್ಗಲ್, ಕಷಾಯ

ಕೆಮ್ಮಿನ ಸಿರಪ್ಪುಗಳಲ್ಲಿ ಮೂರು ನಾಲ್ಕು ಔಷಧಿ ಬೆರೆತಿರುತ್ತವೆ. ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ, ಕೆಲವದರಲ್ಲಿ ಕೊಡೀನ್, ಕೆಲವದರಲ್ಲಿ ಎದೆ ಹೊಡೆದುಕೊಳ್ಳುವಂತೆ ಮಾಡುವ ಆಸ್ತಮಾ ಔಷಧಿ. ಒಣಕೆಮ್ಮು ನಿದ್ದೆ ಕೆಡಿಸುತ್ತಿದ್ದರೆ ಡಾಕ್ಟರು ಡೆಕ್ಸ್ಟ್ರೋಮೆಥಾರ್ಫನ್ ಇರುವುದನ್ನು ಬರೆಯಬಹುದು. ನೀವಾಗಿಯೇ ಹಳೆಯ ಬಾಟಲಿಯಿಂದ ಎರಡು ಚಮಚ ಕುಡಿಯುವುದು ಬೇಡ. ಆಸ್ತಮಾ ಇದ್ದವರಿಗೆ ಇದರ ತಿರುವು ಮಾತು: ಇನ್‌ಹೇಲರ್ ನಿಲ್ಲಿಸಬೇಡಿ, ನೆಗಡಿ ಬಂದಾಗಲೇ ಅದರ ಅಗತ್ಯ ಜಾಸ್ತಿ.

ಬೆಟಾಡಿನ್ ಗಾರ್ಗಲ್ ಬಗ್ಗೆ ಯಾರೂ ಕೇಳುವುದೇ ಇಲ್ಲ, ಬಾಯಿ ಮುಕ್ಕಳಿಸಿ ಉಗುಳುವುದಲ್ಲವಾ ಅಂತ. ಅದರಲ್ಲಿ ಅಯೋಡಿನ್ ಇದೆ, ಬಾಯಿಯ ಒಳಚರ್ಮದಿಂದ ಮೈಗೆ ಸೇರುತ್ತದೆ, ದಿನಾ ಮಾಡಿದರೆ ಮಗುವಿನ ಥೈರಾಯ್ಡಿಗೆ ತೊಂದರೆ ಆಗಬಹುದು. ಬೆಚ್ಚಗಿನ ಉಪ್ಪುನೀರು ಅದೇ ಕೆಲಸ ಮಾಡುತ್ತದೆ.

ಕಷಾಯದ ವಿಷಯದಲ್ಲಿ ಅತ್ತೆಯರ ಜೊತೆ ನನಗೆ ಜಗಳವಿಲ್ಲ. ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ನಾಲ್ಕು ತುಳಸಿ ಎಲೆ, ಅಡುಗೆಗೆ ಹಾಕುವ ಅಳತೆಯಲ್ಲಿ ದಿನಕ್ಕೆ ಒಂದೋ ಎರಡೋ ಲೋಟ ಆಗುತ್ತದೆ. ಅರಿಶಿನದ ಹಾಲೂ ಆಗುತ್ತದೆ. ಎದೆಯುರಿ ಇದ್ದವರಿಗೆ ಮೆಣಸು ಕಡಿಮೆ ಮಾಡಿ. ಆದರೆ ಜ್ಯೇಷ್ಠಮಧು ಬೇಡ. ಅದು ಬಿಪಿ ಏರಿಸುತ್ತದೆ. ಅದನ್ನು ಮಿಠಾಯಿಯಂತೆ ತಿನ್ನುವ ಫಿನ್‌ಲೆಂಡಿನಲ್ಲಿ, ತುಂಬಾ ತಿಂದ ಬಸುರಿಯರಿಗೆ ಅವಧಿಗೆ ಮುಂಚೆ ಹೆರಿಗೆಯಾಗುವುದು ಹೆಚ್ಚು ಎಂದು ಕಂಡುಬಂದಿದೆ. ನೆಲಬೇವಿನ ಕಷಾಯವೂ ಬೇಡ. ಅಂಗಡಿಯಲ್ಲಿ ಸಿಗುವ ಹತ್ತಾರು ಮೂಲಿಕೆಯ ಪುಡಿಗಳಲ್ಲಿ ಇವೆರಡೂ ಸೇರಿರಬಹುದು. ಮನೆಯಲ್ಲಿ ಕುದಿಸಿದ್ದಾದರೆ ಏನು ಹಾಕಿದಿರಿ ಅಂತ ನಿಮಗೇ ಗೊತ್ತಿರುತ್ತದೆ.

ಆಂಟಿಬಯಾಟಿಕ್

ನೆಗಡಿಗೆ ಬೇಡ, ಮುಗಿಯಿತು. ಹಿಂದಿನ ಸಲ ಉಳಿದ ಅಜಿತ್ರೋಮೈಸಿನ್ ನುಂಗಿ ಮೂರು ದಿನಕ್ಕೆ ವಾಸಿಯಾಯಿತು ಅಂದರೆ ಅದು ತಾನಾಗಿ ವಾಸಿಯಾಗುತ್ತಿದ್ದ ನೆಗಡಿ. ಡಾಕ್ಸಿಸೈಕ್ಲಿನ್ ಮಗುವಿನ ಹಲ್ಲಿಗೆ ಕಲೆ ತರುತ್ತದೆ, ಸಿಪ್ರೋಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್ ಬಸುರಿನಲ್ಲಿ ತಪ್ಪಿಸುವಂಥವು. ನಿಜವಾಗಿ ಬ್ಯಾಕ್ಟೀರಿಯಾ ಸೋಂಕು ಇದ್ದರೆ ಅಮಾಕ್ಸಿಸಿಲಿನ್ ಥರದ್ದನ್ನು ಡಾಕ್ಟರು ಕೊಡುತ್ತಾರೆ, ಆಗ ಹೆದರಿ ಅರ್ಧಕ್ಕೆ ಬಿಡಬೇಡಿ.

ಒಂದು ಸಂಜೆಯ ಲೆಕ್ಕ

ಇದನ್ನೆಲ್ಲ ಒಬ್ಬರ ಮೇಲೆ ಇಟ್ಟು ನೋಡೋಣ. 26 ವಾರದ ಬಸುರಿ, ತೂಕ 58 ಕೆಜಿ, ಬಿಪಿ ಸರಿ ಇದೆ, ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ನಿನ್ನೆಯಿಂದ ನೆಗಡಿ, ಇವತ್ತು ಸಂಜೆ ಏಳಕ್ಕೆ ಮೈ ಬಿಸಿ. ಮನೆಯ ಡಬ್ಬಿಯಲ್ಲಿ ಡೋಲೋ 650, ಕಾಂಬಿಫ್ಲಾಮ್, ಒಂದು ನೆಗಡಿ ಮಾತ್ರೆ, ಬೆಟಾಡಿನ್, ಅರ್ಧ ಬಾಟಲಿ ಸಿರಪ್ ಇವೆ.

ಮೊದಲು ಥರ್ಮಾಮೀಟರ್. ಹಣೆ ಮುಟ್ಟಿ ನೋಡಿದರೆ ಸಾಲದು, ಬಸುರಿಯ ಮೈ ಹೇಗೂ ಸ್ವಲ್ಪ ಬೆಚ್ಚಗಿರುತ್ತದೆ. ಬಿಸಿ ಕುಡಿದು ಇಪ್ಪತ್ತು ನಿಮಿಷ ಆದ ಮೇಲೆ ನಾಲಿಗೆ ಕೆಳಗೆ ಇಡಿ. 99.4 ಬಂದರೆ ಮಾತ್ರೆ ಬೇಡ, ಗಂಜಿ, ನೀರು, ನಿದ್ದೆ. ಇವಳಿಗೆ 100.6 ಬಂತು. ಏನಾದರೂ ಸ್ವಲ್ಪ ತಿಂದು ಒಂದು ಡೋಲೋ 650. 100.4 ದಾಟಿದ್ದರಿಂದ ಹೆರಿಗೆ ಡಾಕ್ಟರಿಗೆ ಅಥವಾ ಆಶಾ ಅಕ್ಕನಿಗೆ ಅವತ್ತೇ ಒಂದು ಫೋನ್. ಬೆಟಾಡಿನ್ ಬದಲು ಉಪ್ಪುನೀರು, ಮೂಗಿಗೆ ಸಲೈನ್. ಕಾಂಬಿಫ್ಲಾಮ್, ನೆಗಡಿ ಮಾತ್ರೆ, ಸಿರಪ್ ಮೂರನ್ನೂ ಬೇರೆ ಕವರಿಗೆ ಹಾಕಿ ಕಣ್ಣಿಗೆ ಬೀಳದಂತೆ ಎತ್ತಿಡಿ, ರಾತ್ರಿ ನಿದ್ದೆಗಣ್ಣಲ್ಲಿ ತಪ್ಪು ಸ್ಟ್ರಿಪ್ ಕೈಗೆ ಬರಬಾರದು. ಬೆಳಗಿನ ಥೈರಾಯ್ಡ್ ಮಾತ್ರೆ ಎಂದಿನಂತೆ ಖಾಲಿ ಹೊಟ್ಟೆಯಲ್ಲಿ.

ಒಂಬತ್ತು ಗಂಟೆಗೆ ಮತ್ತೆ ನೋಡಿದರೆ 99.2. ಸರಿ, ಮಲಗಲಿ. ರಾತ್ರಿ ಎರಡಕ್ಕೆ ಮತ್ತೆ 100.8 ಬಂದರೆ, ಏಳು ಗಂಟೆಯಾಗಿದೆ, ಇನ್ನೊಂದು ಡೋಲೋ ಕೊಡಬಹುದು. ಚೀಟಿಯಲ್ಲಿ ಹೊತ್ತು ಮತ್ತು ಡಿಗ್ರಿ ಬರೆದಿಡಿ, ಡಾಕ್ಟರು ಕೇಳುವುದೇ ಅದನ್ನು. ಎರಡನೇ ದಿನ ಕಳೆದರೂ ಜ್ವರ ಬರುತ್ತಿದ್ದರೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕು.

ಇದೇ ಹೆಣ್ಣುಮಗಳಿಗೆ ಬಿಪಿ ಇದ್ದಿದ್ದರೆ ಡೋಲೋ ಮತ್ತು ಸಲೈನ್ ಹಾಗೇ ಇರುತ್ತಿದ್ದವು, ಜೊತೆಗೆ ಬಿಪಿಯನ್ನೂ ನೋಡಿಸಬೇಕಿತ್ತು. ಏಳನೇ ವಾರವಾಗಿದ್ದರೆ ಸೆಟಿರಿಜಿನ್, ಮೂಗಿನ ಔಷಧದ ಡ್ರಾಪ್ಸ್ ಎರಡನ್ನೂ ಡಾಕ್ಟರು ಹೇಳುವವರೆಗೆ ಮುಟ್ಟಬೇಕಿರಲಿಲ್ಲ, ಆದರೆ ಜ್ವರಕ್ಕೆ ಡೋಲೋ ಕೊಡಲು ಹಿಂಜರಿಯಬಾರದಿತ್ತು.

ಹೋಲಿಕೆ ಬಿಟ್ಟು ಹೊರಡಬೇಕಾದಾಗ

102 ಮುಟ್ಟಿದರೆ, ಮಾತ್ರೆಗೂ ಜ್ವರ ಇಳಿಯದಿದ್ದರೆ, ಉಸಿರಾಟ ಕಷ್ಟವಾದರೆ, ಬೆರಳಿನ ಆಕ್ಸಿಮೀಟರ್ 95ಕ್ಕಿಂತ ಕೆಳಗೆ ತೋರಿಸಿದರೆ, ಮಗುವಿನ ಓಡಾಟ ಕಡಿಮೆಯಾದಂತೆ ಅನಿಸಿದರೆ, ರಕ್ತ ಅಥವಾ ನೀರು ಹೋದರೆ, ನೀರೂ ನಿಲ್ಲದಷ್ಟು ವಾಂತಿಯಾದರೆ, ಜೋರು ತಲೆನೋವಿನ ಜೊತೆ ಕಣ್ಣು ಮಂಜಾದರೆ ರಾತ್ರಿಯೋ ಹಗಲೋ ನೋಡಬೇಡಿ, 108ಕ್ಕೆ ಫೋನ್ ಮಾಡಿ.

ನೆಗಡಿಯೇ ಇಲ್ಲದೆ ಬರೀ ಜ್ವರ ಬಂದಿದ್ದರೆ ಅದು ಬೇರೆ ಕಥೆ. ಚಳಿ ನಡುಕ, ಸೊಂಟದ ಪಕ್ಕ ನೋವು, ಮೂತ್ರದಲ್ಲಿ ಉರಿ ಇದ್ದರೆ ಮೂತ್ರದ ಸೋಂಕು. ಕರಾವಳಿಯಲ್ಲಿ ಮಲೇರಿಯಾ, ಮಲೆನಾಡಿನಲ್ಲಿ ಬೇಸಿಗೆಯ ಹೊತ್ತಿಗೆ ಮಂಗನ ಕಾಯಿಲೆ, ಎಲ್ಲ ಕಡೆ ಡೆಂಗಿ. ಇವಕ್ಕೆ ಡೋಲೋ ಕೊಟ್ಟು ಕಾಯುತ್ತಾ ಕೂರಬಾರದು. ಇನ್ನು ಒಮ್ಮೆಲೇ ಜೋರು ಜ್ವರ, ಮೈಯೆಲ್ಲ ನೋವು, ಒಣಕೆಮ್ಮು ಬಂದರೆ ಫ್ಲೂ ಇರಬಹುದು. ಅದು ಬಸುರಿಯರಲ್ಲಿ ಬೇಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆ ಒಸೆಲ್ಟಮಿವಿರ್ ಎಂಬ ಔಷಧಿ ಇದೆ, ಬಸುರಿಯರಿಗೂ ಕೊಡುತ್ತಾರೆ, ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಲೂ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಹಾಕಿಸಬಹುದು.

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ಬಾಣಂತನಕ್ಕೆ ಬರುವ ಅಮ್ಮ ಪ್ರೀತಿಯಿಂದ ತರುವ ಮಾತ್ರೆ ಕವರಿನಲ್ಲಿ ಮೇಲೆ ಹೇಳಿದ ಹೆಸರುಗಳೇ ಇರುತ್ತವೆ, ಬಂದ ದಿನವೇ ಒಮ್ಮೆ ನೋಡಿ. ಅಲ್ಲಿನ ಟೈಲೆನಾಲ್, ಪನಡಾಲ್ ಅಂದರೆ ಪ್ಯಾರಾಸಿಟಮಾಲ್. ಆದರೆ ಅವಕ್ಕೂ ಕೋಲ್ಡ್, ಫ್ಲೂ ಅನ್ನುವ ಬಾಲ ಇದ್ದರೆ ಒಳಗೆ ಬೇರೆಯದೂ ಇದೆ. ಆಡ್ವಿಲ್ ಅಂದರೆ ಐಬುಪ್ರೊಫೆನ್.

ಬಸುರು ಅಂತ ಗೊತ್ತಾಗುವ ಮುಂಚೆ, ಅಥವಾ ಮೊನ್ನೆ ತಿಳಿಯದೆ, ಒಂದು ಕಾಂಬಿಫ್ಲಾಮೋ ನೆಗಡಿ ಮಾತ್ರೆಯೋ ನುಂಗಿಬಿಟ್ಟಿದ್ದರೆ ಅಳುತ್ತಾ ಕೂರಬೇಡಿ. ಒಂದೆರಡು ಮಾತ್ರೆಯಿಂದ ಮಗುವಿಗೆ ಹಾನಿಯಾಗುವ ಸಾಧ್ಯತೆ ತುಂಬಾ ಕಡಿಮೆ. ಮುಂದಕ್ಕೆ ನಿಲ್ಲಿಸಿ, ಸ್ಟ್ರಿಪ್ಪಿನ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ವಾರದಲ್ಲಿ ಎಷ್ಟು ಅಂತ ಡಾಕ್ಟರಿಗೆ ಹೇಳಿ. 20 ವಾರದ ಮೇಲೆ ಕೆಲವು ದಿನ ಬಿಡದೆ ತೆಗೆದುಕೊಂಡಿದ್ದರೆ ಸ್ಕ್ಯಾನಿಂಗ್‌ನಲ್ಲಿ ನೀರು ಎಷ್ಟಿದೆ ಎಂದು ನೋಡುತ್ತಾರೆ. ಕಡಿಮೆಯಾಗಿದ್ದರೂ ಮಾತ್ರೆ ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಮತ್ತೆ ಸರಿಹೋಗುತ್ತದೆ.